ಆಜ್ಞೆಯ ಹಿಂದಣ ಉದ್ದೇಶ: ಕರ್ನೂಲಿನ ಬಸ್ಸುಗಳ ಮೊಕದ್ದಮೆ



ಸರಕಾರದ ಆಜ್ಞೆಯೊಂದು ನಮ್ಮ ಮೇಲೆ ಬಂದೆರಗಿದಾಗ ನಮ್ಮ ಹಳ್ಳಿಗಳಲ್ಲಿ ಮೊಟ್ಟಮೊದಲು ಹೊರಡುವ ಮಾತು ಒಂದೇ: "ಇದು ನಮ್ಮ ಮೇಲಿನ ಹಗೆಯಿಂದ ಮಾಡಿದ್ದು." ಆ ಮಾತು ಅನೇಕ ವೇಳೆ ನಿಜವೂ ಆಗಿರಬಹುದು. ಆದರೆ ನ್ಯಾಯಾಲಯದ ಮುಂದೆ ಅದನ್ನೇ ಮೊದಲ ಮಾತನ್ನಾಗಿ ಹಿಡಿದು ಹೋದವರು ಬಹುಪಾಲು ಸೋತು ಮರಳಿದ್ದಾರೆ. ಹಗೆ ಮನಸ್ಸಿನೊಳಗಣ ವಸ್ತು. ಅದನ್ನು ಸಾಕ್ಷ್ಯದಿಂದ ಎತ್ತಿ ತೋರಿಸುವುದು ಕಠಿನ. ಆಜ್ಞೆಯನ್ನು ಕೊಟ್ಟ ಕಾನೂನು ಯಾವ ಕಾರ್ಯಕ್ಕಾಗಿ ಆ ಅಧಿಕಾರವನ್ನು ಒಪ್ಪಿಸಿತ್ತು ಎಂಬುದಾದರೋ ಅಚ್ಚಾದ ಪುಸ್ತಕದಲ್ಲಿಯೇ ಇದೆ. ಅಲ್ಲಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ನಮ್ಮ ಗಡಿಯ ನೆಲದಲ್ಲಿಯೇ ನಡೆದ ಒಂದು ಮೊಕದ್ದಮೆ ಆಧಾರವಾಗಿದೆ.

ಆದೋನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಾದುದು ನಿಮಗೆ ತಿಳಿದೇ ಇದೆ. ಆ ಜಿಲ್ಲೆಯ ರಸ್ತೆಗಳಲ್ಲಿ ಆಗ ಓಡುತ್ತಿದ್ದುವು ಖಾಸಗಿ ಮಾಲೀಕರ ಬಸ್ಸುಗಳು. 1939ರ ಮೋಟಾರು ವಾಹನ ಕಾಯಿದೆಗೆ ಆಮೇಲೆ ಸೇರಿಸಿದ ಒಂದು ಅಧ್ಯಾಯದ ಮೇರೆಗೆ, ರಾಜ್ಯದ ರಸ್ತೆ ಸಾರಿಗೆ ಸಂಸ್ಥೆಯು ಇಂಥ ಮಾರ್ಗಗಳನ್ನು ತನ್ನ ಕೈಗೆ ತೆಗೆದುಕೊಳ್ಳಬಹುದಾಗಿತ್ತು. ಆದರೆ ಅದಕ್ಕೊಂದು ಕಟ್ಟಳೆಯಿತ್ತು. ದಕ್ಷವೂ ಸಾಕಷ್ಟೂ ಮಿತವ್ಯಯದ್ದೂ ಸರಿಯಾಗಿ ಹೊಂದಿಸಿದ್ದೂ ಆದ ಸಾರಿಗೆಯನ್ನು ಒದಗಿಸುವುದಕ್ಕಾಗಿ, ಸಾರ್ವಜನಿಕ ಹಿತದ ದೃಷ್ಟಿಯಿಂದ ಇದು ಅವಶ್ಯವೆಂದು ಆ ಸಂಸ್ಥೆಯೇ ಅಭಿಪ್ರಾಯ ತಳೆಯಬೇಕು. ಅನಂತರ ಯೋಜನೆಯನ್ನು ಪ್ರಕಟಿಸಬೇಕು; ಬಾಧಿತರ ಆಕ್ಷೇಪಣೆಗಳನ್ನು ಸರಕಾರವು ಕೇಳಿ ಮಂಜೂರು ಮಾಡಬೇಕು. ಈಗಿನ 1988ರ ಕಾಯಿದೆಯಲ್ಲಿಯೂ ಇದೇ ಬಗೆಯ ಮಾತುಗಳಿವೆ.

ಸಂಸ್ಥೆಯು ಯಾವ ಜಿಲ್ಲೆಯನ್ನು ಮೊದಲು, ಯಾವುದನ್ನು ಅನಂತರ ತೆಗೆದುಕೊಳ್ಳಬೇಕೆಂದು ಒಂದು ಕ್ರಮವನ್ನು ಹಾಕಿಕೊಂಡಿತ್ತು. ಆ ಕ್ರಮದಲ್ಲಿ ಕರ್ನೂಲಿನ ಸರದಿ ಬೇರೆ ಜಿಲ್ಲೆಗಳ ಹಿಂದೆ ಇತ್ತು. 1962ರ ಮಾರ್ಚಿಯಲ್ಲಿ ನೀಲಂ ಸಂಜೀವ ರೆಡ್ಡಿಯವರು ಮತ್ತೆ ಆಂಧ್ರಪ್ರದೇಶದ ಮುಖ್ಯಮಂತ್ರಿಗಳಾದರು. ಅದಾದ ಸ್ವಲ್ಪ ಕಾಲದಲ್ಲಿಯೇ ಸರದಿ ಬದಲಾಯಿತು; ಕರ್ನೂಲು ಮುಂದೆ ಬಂದಿತು. ಬಂದುದಾದರೂ ಇಡೀ ಜಿಲ್ಲೆಯಲ್ಲ, ಅದರ ಪಶ್ಚಿಮಾರ್ಧ ಮಾತ್ರ. ಪಶ್ಚಿಮದ ಬಸ್ಸು ಮಾಲೀಕರು ತಮ್ಮ ರಾಜಕೀಯ ವಿರೋಧಿಗಳಾದುದರಿಂದ ಅವರನ್ನು ಹಣಿಯುವುದಕ್ಕೂ, ಪೂರ್ವದವರು ತಮ್ಮವರಾದುದರಿಂದ ಅವರನ್ನು ಉಳಿಸುವುದಕ್ಕೂ ಮುಖ್ಯಮಂತ್ರಿಗಳು ಸಂಸ್ಥೆಯಿಂದ ಹೀಗೆ ಮಾಡಿಸಿದರೆಂಬುದು ಮಾಲೀಕರ ಆಪಾದನೆ. ಉಚ್ಚ ನ್ಯಾಯಾಲಯದಲ್ಲಿ ಅವರು ಸೋತರು. ಮೇಲ್ಮನವಿಯು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ರೋಜೀ ಎಂಬವರ ಹೆಸರಿನಲ್ಲಿ 1964ರಲ್ಲಿ ತೀರ್ಮಾನವಾಯಿತು. ಯೋಜನೆಗಳು ರದ್ದಾದುವು.

ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ಯರು ಬರೆದ ಆ ತೀರ್ಪು ನಡೆದ ದಾರಿಯನ್ನು ನಾವು ಗಮನಿಸಬೇಕು. ಇಂಥ ಆಪಾದನೆಗಳನ್ನು ಹೊರಿಸುವುದು ಸುಲಭ, ಆದುದರಿಂದ ಬಹಳ ಎಚ್ಚರದಿಂದ ಪರೀಕ್ಷಿಸಬೇಕೆಂದು ಅವರು ಮೊದಲೇ ಎಚ್ಚರಿಸಿಕೊಂಡರು. ಅನಂತರ ಕಾಗದಪತ್ರಗಳತ್ತ ತಿರುಗಿದರು. ಹಳೆಯ ಕ್ರಮವು ಸಂಸ್ಥೆಯ ಲೇಖಗಳಲ್ಲಿಯೇ ಇತ್ತು. ಅದನ್ನೇಕೆ ಬಿಟ್ಟಿರಿ ಎಂಬುದಕ್ಕೆ ಸಂಸ್ಥೆಯು ಕೊಟ್ಟ ಸಮಾಧಾನವು ಆ ಲೇಖಗಳಿಗೇ ಹೊಂದಲಿಲ್ಲ. ಒಂದೇ ಜಿಲ್ಲೆಯನ್ನು ಎರಡಾಗಿ ಸೀಳಿದುದಕ್ಕೂ ಸಾರಿಗೆಯ ಲೆಕ್ಕದಿಂದ ತೃಪ್ತಿಕರವಾದ ಕಾರಣ ಕಾಣಲಿಲ್ಲ.

ಇಷ್ಟಾದ ಮೇಲೆ ಇನ್ನೊಂದು ಸಂಗತಿ. ಆಪಾದನೆ ಹೊತ್ತಿದ್ದವರು ಮುಖ್ಯಮಂತ್ರಿಗಳು. ಅವರು ಪ್ರಮಾಣಪತ್ರವನ್ನೇ ಸಲ್ಲಿಸಲಿಲ್ಲ. ಅವರ ಪರವಾಗಿ ಬೇರೆ ಅಧಿಕಾರಿಗಳು ಮಾತನಾಡಿದರು. ಒಬ್ಬನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಇನ್ನೊಬ್ಬನು ಪ್ರಮಾಣ ಮಾಡಿ ಹೇಳುವುದು ಹೇಗೆ? ಅಲ್ಲಗಳೆಯಬಲ್ಲವನು ಅಲ್ಲಗಳೆಯದೆ ಕುಳಿತುದರಿಂದ, ಸನ್ನಿವೇಶಗಳಿಂದ ಮೊದಲೇ ಬಲಗೊಂಡಿದ್ದ ಆಪಾದನೆಯನ್ನು ನ್ಯಾಯಾಲಯವು ಒಪ್ಪಿಕೊಂಡಿತು. ಬರಿಯ ಮೌನವೊಂದರಿಂದಲೇ ಆಪಾದನೆ ಸಿದ್ಧವಾಯಿತೆಂದು ಯಾರೂ ತಿಳಿಯಬಾರದು; ಮೌನವು ಕೊನೆಯ ಕಲ್ಲು, ಗೋಡೆ ಮೊದಲೇ ಎದ್ದಿತ್ತು.

ಈಗ ತೀರ್ಪಿನ ತಿರುಳು. ಅಭಿಪ್ರಾಯ ತಳೆಯಬೇಕಾದುದು ಸಂಸ್ಥೆ, ತಳೆದವರು ಮುಖ್ಯಮಂತ್ರಿಗಳು. ಅಭಿಪ್ರಾಯದ ವಿಷಯವು ಸಾರಿಗೆಯ ದಕ್ಷತೆಯಾಗಿರಬೇಕು. ಇಲ್ಲಿದ್ದುದು ಚುನಾವಣೆಯ ಲೆಕ್ಕಾಚಾರ. ಕಾಯಿದೆಯು ಕೇಳಿದ ಅಭಿಪ್ರಾಯವೇ ಹುಟ್ಟಲಿಲ್ಲವಾದ ಮೇಲೆ ಅದರ ಮೇಲೆ ನಿಂತ ಯೋಜನೆಯೂ ನಿಲ್ಲಲಾರದು. ಕಾಗದದ ಮೇಲೆ ಯೋಜನೆ ಸಾರ್ವಜನಿಕ ಹಿತದ ಮಾತುಗಳನ್ನೇ ಆಡುತ್ತಿತ್ತು ಎಂಬುದನ್ನು ಮರೆಯಬೇಡಿ. ಕೆಟ್ಟ ಆಜ್ಞೆಯು ಒಳ್ಳೆಯ ಭಾಷೆಯಲ್ಲಿಯೇ ಬರುವುದು ವಾಡಿಕೆ. ತೀರ್ಪಿನ ಬೆನ್ನಿಗೇ, 1964ರ ಫೆಬ್ರುವರಿಯಲ್ಲಿ, ಸಂಜೀವ ರೆಡ್ಡಿಯವರು ರಾಜೀನಾಮೆ ಕೊಟ್ಟರು. ಅದು ಅವರಿಗೆ ಶೋಭಿಸಿದ ನಡತೆಯೆಂದು ನಾನು ಭಾವಿಸುತ್ತೇನೆ. ಹದಿಮೂರು ವರ್ಷಗಳ ತರುವಾಯ ಅವರು ರಾಷ್ಟ್ರಪತಿಗಳೂ ಆದರು.

ಇಲ್ಲಿ ಮೂರು ದೋಷಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡಲು ನಮ್ಮ ಹಳ್ಳಿಗೆ ಒಗ್ಗುವ ಕಲ್ಪಿತ ನಿದರ್ಶನವೊಂದನ್ನು ತೆಗೆದುಕೊಳ್ಳೋಣ. ಒಬ್ಬಾತನ ನ್ಯಾಯಬೆಲೆ ಅಂಗಡಿಯ ಪರವಾನಗಿಯನ್ನು ಅಧಿಕಾರಿ ರದ್ದುಗೊಳಿಸಿದನೆನ್ನಿ. ಆ ಅಧಿಕಾರ ಇರುವುದು ಕಾರ್ಡುದಾರರಿಗೆ ಧಾನ್ಯವು ಸರಿಯಾದ ತೂಕದಲ್ಲಿ, ಸರಿಯಾದ ಬೆಲೆಗೆ, ಹೊತ್ತಿಗೆ ಸರಿಯಾಗಿ ಸಿಗಲೆಂದು. ಹಾಗಾದರೆ ತೂಕ, ದಾಸ್ತಾನಿನ ಪುಸ್ತಕ, ಅಂಗಡಿ ತೆರೆದಿಟ್ಟ ದಿನಗಳು, ಕಾರ್ಡುದಾರರ ದೂರುಗಳು ಇವೆಲ್ಲ ಸಂಬದ್ಧ ವಿಷಯಗಳು. ಅಂಗಡಿಯಾತನು ಯಾವ ಸಭೆಯಲ್ಲಿ ಭಾಷಣ ಮಾಡಿದನು, ಮನೆಯಲ್ಲಿ ಯಾವ ಭಾಷೆ ಆಡುತ್ತಾನೆ ಎಂಬುವು ಅಸಂಬದ್ಧ. ಆಜ್ಞೆಯು ಅಸಂಬದ್ಧವನ್ನು ಎಣಿಕೆಗೆ ತಂದುಕೊಂಡರೆ ಒಂದು ದೋಷ. ಎದುರಿಗಿಟ್ಟ ದಾಸ್ತಾನು ಪುಸ್ತಕವನ್ನು ತೆರೆದೇ ನೋಡದಿದ್ದರೆ ಅದೂ ಅದೇ ಜಾತಿಯ ದೋಷ. ಇಲ್ಲಿ ಅಧಿಕಾರಿಗೆ ಹಗೆಯಿತ್ತೆಂದು ಹೇಳಬೇಕಾಗಿಯೇ ಇಲ್ಲ.

ಎರಡನೆಯದು ಅನ್ಯ ಉದ್ದೇಶ. ಊರಿನ ಸಹಕಾರ ಸಂಘವು ನಷ್ಟದಲ್ಲಿದೆ, ಅದಕ್ಕೆ ಈ ಅಂಗಡಿ ಸಿಕ್ಕಿದರೆ ಚೇತರಿಸಿಕೊಂಡೀತು ಎಂದು ಅಧಿಕಾರಿ ಪರವಾನಗಿಯನ್ನು ಕಿತ್ತರೆ, ಆತನ ಮನಸ್ಸು ಶುದ್ಧವಾಗಿಯೇ ಇರಬಹುದು, ಉದ್ದೇಶವೂ ಪರೋಪಕಾರದ್ದೇ ಇರಬಹುದು. ಆದರೆ ತಪ್ಪು ಮಾಡಿದ ಅಂಗಡಿಯನ್ನು ಶಿಕ್ಷಿಸುವುದಕ್ಕೆಂದು ಕೊಟ್ಟ ಅಧಿಕಾರವು ಸಂಘವನ್ನು ಉದ್ಧರಿಸುವುದಕ್ಕಲ್ಲ. ಆಜ್ಞೆ ಬಿದ್ದುಹೋಗುತ್ತದೆ.

ಮೂರನೆಯದು ದುರುದ್ದೇಶ: ಹಳೆಯ ಜಗಳದ ಸೇಡಿಗಾಗಿಯೇ ಕಿತ್ತದ್ದು. ಇದು ಎಲ್ಲಕ್ಕಿಂತ ಘೋರವಾದುದು, ಸಿದ್ಧಪಡಿಸಲು ಎಲ್ಲಕ್ಕಿಂತ ಕಷ್ಟವಾದುದು. ಹೊರೆಯೆಲ್ಲ ಆಪಾದಿಸಿದವನದೇ. ತಮಿಳುನಾಡಿನ ಮುಖ್ಯ ಕಾರ್ಯದರ್ಶಿಗಳಾಗಿದ್ದ ರಾಯಪ್ಪನವರಂಥ ಹಿರಿಯ ಅಧಿಕಾರಿಯೇ ತಮ್ಮ ವರ್ಗಾವಣೆಯು ಮುಖ್ಯಮಂತ್ರಿಗಳ ದುರುದ್ದೇಶದಿಂದಾಯಿತೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1974ರಲ್ಲಿ, ಸಂಶಯವು ಎಷ್ಟೇ ಇದ್ದರೂ ಪುರಾವೆ ಸಾಲದೆಂದು ಅವರ ಅರ್ಜಿ ವಜಾ ಆಯಿತು. ಯಾರ ಮೇಲೆ ದುರುದ್ದೇಶ ಹೊರಿಸುತ್ತೀರೋ ಅವರನ್ನು ಹೆಸರು ಹೇಳಿ ಪ್ರತಿವಾದಿಗಳನ್ನಾಗಿ ಮಾಡಬೇಕು. ಯಾವ ದಿನ, ಯಾವ ಸಂಗತಿ ಎಂದು ವಿವರ ಕೊಡಬೇಕು. "ರಾಜಕೀಯ ಕಾರಣಗಳಿಂದ" ಎಂಬ ಒಂದು ಸಾಲು ಏನೂ ಅಲ್ಲ.

ಆದುದರಿಂದ ಅರ್ಜಿ ಬರೆಸುವವರು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಸಬೇಡಿರಿ. ಮೊದಲು ಕಾಯಿದೆಯ ಉದ್ದೇಶ. ಅದಕ್ಕೆ ಆಜ್ಞೆಯ ಕಾರಣಗಳು ಹೊಂದುತ್ತವೆಯೇ ಎಂಬುದು. ದಿನಾಂಕಗಳ ಪಟ್ಟಿ ಬೇರೆಯಾಗಿರಲಿ. ಜಗಳ ಯಾವಾಗ, ನೋಟೀಸು ಯಾವಾಗ, ಆಜ್ಞೆ ಯಾವಾಗ? ಹಳೆಯ ಪದ್ಧತಿಯನ್ನು ಯಾವ ದಿನದಿಂದ ಬಿಟ್ಟರು? ಅದೇ ತಪ್ಪಿಗೆ ಪಕ್ಕದ ಅಂಗಡಿಗೆ ಎಚ್ಚರಿಕೆ ಮಾತ್ರ ಕೊಟ್ಟಿದ್ದರೆ ಆ ಎಚ್ಚರಿಕೆಯ ಪ್ರತಿ ಎಲ್ಲಿ? 2005ರ ಮಾಹಿತಿ ಹಕ್ಕಿನ ಕಾಯಿದೆಯಿಂದ ಕಡತದ ಟಿಪ್ಪಣಿಗಳನ್ನು ಈಗ ಕೇಳಿ ಪಡೆಯಬಹುದು; ಕರ್ನೂಲಿನ ಮಾಲೀಕರಿಗೆ ಆ ಸೌಕರ್ಯವಿರಲಿಲ್ಲ. ಟಿಪ್ಪಣಿಯಲ್ಲಿ ಕೆಳಗಿನ ಅಧಿಕಾರಿ "ತಪ್ಪಿಲ್ಲ" ಎಂದು ಬರೆದು, ಮೇಲಿನಿಂದ ಒಂದು ದೂರವಾಣಿ ಬಂದ ಮೇಲೆ "ರದ್ದುಪಡಿಸಬಹುದು" ಎಂದು ತಿದ್ದಿಕೊಂಡಿದ್ದರೆ ಅದು ನೂರು ಸಾಕ್ಷಿಗಳಿಗೆ ಸಮ. ಆಜ್ಞೆಯಲ್ಲಿಲ್ಲದ ಹೊಸ ಕಾರಣಗಳನ್ನು ಆಮೇಲೆ ಪ್ರಮಾಣಪತ್ರದ ಮೂಲಕ ತಂದು ತುಂಬುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರ ಮೊಹಿಂದರ್ ಸಿಂಗ್ ಗಿಲ್ ಮೊಕದ್ದಮೆಯಲ್ಲಿ ಹೇಳಿದೆ. ಆದುದರಿಂದ ಮೂಲ ಆಜ್ಞೆಯ ಪ್ರತಿಯನ್ನು ಜೋಪಾನವಾಗಿಡಿ.

ಎಲ್ಲೆಗಳನ್ನೂ ಹೇಳದಿದ್ದರೆ ನಿಮ್ಮನ್ನು ಮೋಸಗೊಳಿಸಿದಂತಾದೀತು. ಆಜ್ಞೆಗೆ ಎರಡು ಕಾರಣಗಳಿದ್ದು ಒಂದು ಕೆಟ್ಟುದಾದರೆ ಇಡೀ ಆಜ್ಞೆ ಬೀಳಲೇಬೇಕೆಂದಿಲ್ಲ. ನಾಗಪುರದ ನಗರಸಭೆಯನ್ನು ಸರಕಾರ ಎರಡು ಕಾರಣಗಳ ಮೇಲೆ ಬರಖಾಸ್ತು ಮಾಡಿದಾಗ, ಮೊದಲನೆಯದು ನಿಲ್ಲಲಾರದೆಂದು ಕಂಡರೂ ಎರಡನೆಯದೊಂದರ ಮೇಲೆಯೇ ಸರಕಾರ ಹಾಗೆ ಮಾಡುತ್ತಿತ್ತೆಂದು 1967ರಲ್ಲಿ ಆಜ್ಞೆಯನ್ನು ಎತ್ತಿಹಿಡಿಯಲಾಯಿತು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಆಜ್ಞೆಗಳ ವಿಷಯದಲ್ಲಿ ನ್ಯಾಯಾಲಯಗಳು ಇದಕ್ಕಿಂತ ಬಿಗಿಯಾಗಿ ನಡೆದುಕೊಂಡಿವೆ. ಮತ್ತೆ, ಶಾಸಕಾಂಗವು ಮಾಡಿದ ಕಾನೂನಿಗೆ ದುರುದ್ದೇಶದ ವಾದವು ತಟ್ಟುವುದಿಲ್ಲ. ಅದನ್ನು ಸಂವಿಧಾನದ ಬೇರೆ ನೆಲೆಗಳಿಂದ ಪ್ರಶ್ನಿಸಬೇಕು. ಸಂಬದ್ಧ ವಿಷಯಗಳನ್ನೆಲ್ಲ ನೋಡಿಯೇ ಅಧಿಕಾರಿ ನಮಗೆ ಒಪ್ಪದ ನಿರ್ಣಯಕ್ಕೆ ಬಂದರೆ, ಒಂದಕ್ಕೆ ಹೆಚ್ಚು ತೂಕ, ಇನ್ನೊಂದಕ್ಕೆ ಕಡಿಮೆ ತೂಕ ಕೊಟ್ಟನೆಂಬ ದೂರಿಗೆ ನ್ಯಾಯಾಲಯವು ಸಾಮಾನ್ಯವಾಗಿ ಕಿವಿಗೊಡುವುದಿಲ್ಲ.

ರದ್ದಾದ ಆಜ್ಞೆ ಮತ್ತೆ ಬರಬಾರದೆಂಬ ನಿಯಮವೂ ಇಲ್ಲ. ನಿಮ್ಮ ನಿಮ್ಮ ರಾಜ್ಯದ ಉಚ್ಚ ನ್ಯಾಯಾಲಯವು ಸಂವಿಧಾನದ 226ನೆಯ ವಿಧಿಯ ಮೇರೆಗೆ ಅಂಗಡಿಯಾತನ ಪರವಾನಗಿಯನ್ನು ಮರಳಿ ಕೊಡಿಸಿದರೂ, ಮರುದಿನವೇ ಅಧಿಕಾರಿ ತಕ್ಕಡಿಯನ್ನು ಪರೀಕ್ಷಿಸಿ ನಿಜವಾದ ಕೊರತೆ ಕಂಡರೆ ಹೊಸ ನೋಟೀಸು ಕೊಡಬಹುದು. ಕರ್ನೂಲಿನ ತೀರ್ಪು ಕೂಡ ಆ ಜಿಲ್ಲೆಯ ಬಸ್ಸುಗಳನ್ನು ಎಂದೆಂದಿಗೂ ಮಾಲೀಕರಿಗೆ ಬಿಟ್ಟುಕೊಡಲಿಲ್ಲ. ಸಾರಿಗೆ ಸಂಸ್ಥೆಯು ತನ್ನ ಸ್ವಂತ ಬುದ್ಧಿಯಿಂದ, ಸಾರಿಗೆಯ ಕಾರಣಗಳಿಗಾಗಿ ಹೊಸ ಯೋಜನೆ ಮಾಡುವುದಕ್ಕೆ ಅಡ್ಡಿಯಿರಲಿಲ್ಲ.