ಸಹೋದ್ಯೋಗಿಯ ಮೇಲಿನ ಒಲವು: ಹೇಳಬೇಕೇ, ಮೌನವಾಗಿರಬೇಕೇ?

ಮದೀನಾದ ಬೀದಿಗಳಲ್ಲಿ ಹ. ಮುಗೀಸ್(ರ) ಎಂಬವರು ಹ. ಬರೀರಾ(ರ)ರ ಹಿಂದೆ ಅಳುತ್ತಾ ನಡೆಯುತ್ತಿದ್ದರು. ಕಣ್ಣೀರು ಅವರ ಗಡ್ಡದವರೆಗೆ ಹರಿಯುತ್ತಿತ್ತೆಂದು ಸಹೀಹುಲ್ ಬುಖಾರಿಯ ವರದಿ ತಿಳಿಸುತ್ತದೆ. ದಾಸ್ಯದಿಂದ ವಿಮೋಚನೆ ಹೊಂದಿದ ಬರೀರಾ(ರ)ರಿಗೆ, ದಾಸರಾಗಿದ್ದ ಪತಿಯಿಂದ ಬೇರ್ಪಡುವ ಹಕ್ಕು ದೊರೆತಿತ್ತು. ಅವರು ಅದನ್ನು ಬಳಸಿಕೊಂಡರು. ಮುಗೀಸ್‌ರನ್ನು ಮರಳಿ ಸ್ವೀಕರಿಸಬಾರದೇ ಎಂದು ಪ್ರವಾದಿ(ಸ)ರು ಕೇಳಿದಾಗ, ಇದು ಆಜ್ಞೆಯೇ ಎಂದು ಆಕೆ ಮರುಪ್ರಶ್ನಿಸಿದರು. ಅಲ್ಲ, ಶಿಫಾರಸು ಮಾತ್ರ ಎಂದು ಪ್ರವಾದಿ(ಸ)ರು ತಿಳಿಸಿದರು. ಹಾಗಾದರೆ ತನಗೆ ಅವರ ಅಗತ್ಯವಿಲ್ಲ ಎಂದು ಆಕೆ ಉತ್ತರಿಸಿದರು.

ಏಕಮುಖವಾದ ಒಲವಿನ ಕುರಿತು ನಾವು ಚಿಂತಿಸುವಾಗ ಈ ಘಟನೆಗಿಂತ ಉತ್ತಮ ಆರಂಭ ಬೇರೊಂದಿಲ್ಲ. ಹೃದಯದ ನೋವು ನೈಜವಾಗಿತ್ತು. ಆದರೆ ಆ ನೋವಿನಿಂದಾಗಿ ಆಕೆಯ ಮೇಲೆ ಯಾವ ಋಣವೂ ಹುಟ್ಟಲಿಲ್ಲ.

ನಮಗೆ ಪರಿಚಿತನಾದ ಯುವಕನೊಬ್ಬ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ. ಅದೇ ವಿಭಾಗದ ಯುವತಿಯೊಬ್ಬಳ ಮೇಲೆ ಅವನ ಮನಸ್ಸು ನೆಟ್ಟಿತು. ಅವಳು ನಗುತ್ತಾ ಸಲಾಮ್ ಹೇಳುತ್ತಾಳೆ, ಅವನ ಸಂದೇಶಗಳಿಗೆ ತಕ್ಷಣ ಉತ್ತರಿಸುತ್ತಾಳೆ ಎಂಬುದೇ ಅವನ ಪುರಾವೆಯಾಗಿತ್ತು. ಅವಳು ಇತರರೊಡನೆ ಹೇಗಿರುತ್ತಾಳೆಂದು ನಾವು ಕೇಳಿದೆವು. ಹಾಗೆಯೇ ಇರುತ್ತಾಳೆ ಎಂದು ಒಪ್ಪಿಕೊಂಡ. ಎಲ್ಲರಿಗೂ ಸಮಾನವಾಗಿ ದೊರೆಯುವ ಸೌಜನ್ಯವನ್ನು ತನಗಾಗಿಯೇ ಇರುವ ಸೂಚನೆಯೆಂದು ಭಾವಿಸುವುದು ಇಂತಹ ಸಂದರ್ಭದ ಮೊದಲ ತಪ್ಪು.

ಹಾಗಾದರೆ ಅವನು ಮೌನವಾಗಿರಬೇಕಿತ್ತೇ? ಅದಕ್ಕೆ ಮುನ್ನ ಅವನು ಎರಡು ವಿಷಯಗಳನ್ನು ತಿಳಿಯಬೇಕಿತ್ತು. ಅವಳಿಗೆ ಬೇರೆಡೆ ಸಂಬಂಧ ನಿಶ್ಚಯವಾಗಿದ್ದರೆ ಮಾತೆತ್ತುವಂತಿಲ್ಲ. ಸಹೋದರನ ವಿವಾಹ ಪ್ರಸ್ತಾಪದ ಮೇಲೆ ಇನ್ನೊಂದು ಪ್ರಸ್ತಾಪವಿಡುವುದನ್ನು ಪ್ರವಾದಿ(ಸ)ರು ನಿಷೇಧಿಸಿದ್ದಾರೆ. ಎರಡನೆಯದಾಗಿ, ಅವಳ ರಜೆ, ಬಡ್ತಿ, ವೇತನ ಅವನ ಕೈಯಲ್ಲಿದ್ದರೆ ಅವನ ಪ್ರಸ್ತಾಪವು ಆಜ್ಞೆಯಂತೆ ಕೇಳಿಸೀತು. ಬರೀರಾ(ರ)ರ ಪ್ರಶ್ನೆಯನ್ನು ಮೇಲಧಿಕಾರಿಗೆ ಕೇಳುವ ಧೈರ್ಯ ಎಲ್ಲ ಉದ್ಯೋಗಿಗಳಿಗೂ ಇರುವುದಿಲ್ಲ. ಅಂತಹವನು ಮೊದಲು ಆ ಅಧಿಕಾರದ ಸಂಬಂಧದಿಂದ ಹೊರಬರಬೇಕು, ಇಲ್ಲವೇ ಸುಮ್ಮನಿರಬೇಕು.

ನಮ್ಮ ಯುವಕನಿಗೆ ಈ ಎರಡೂ ಅಡ್ಡಿಗಳಿರಲಿಲ್ಲ. ಅವನು ಹೇಳಬಹುದಿತ್ತು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಹೇಳಬೇಕಾದುದು ಪ್ರೇಮ ನಿವೇದನೆಯಲ್ಲ, ನಿಕಾಹ್‌ನ ಪ್ರಸ್ತಾಪ. ಇದ್ದತ್‌ನಲ್ಲಿರುವ ವಿಧವೆಯ ವಿಚಾರವಾಗಿ ಅಲ್ ಬಕರ ಅಧ್ಯಾಯದ 235ನೇ ಸೂಕ್ತವು, ಮನಸ್ಸಿನಲ್ಲಿ ಬಯಕೆ ಇಟ್ಟುಕೊಳ್ಳುವುದನ್ನು ದೋಷವೆನ್ನದೆ, ಗುಟ್ಟಿನ ಒಪ್ಪಂದವನ್ನು ತಡೆಯುತ್ತದೆ. ಬಯಕೆಗೂ ಗುಟ್ಟಿಗೂ ಇರುವ ಈ ಅಂತರ ನಮ್ಮ ಕಚೇರಿಗಳಿಗೂ ದಾರಿ ತೋರಿಸುತ್ತದೆ. ರಾತ್ರಿ ಹನ್ನೊಂದರ ವಾಟ್ಸಾಪ್ ಮಾತುಕತೆ ಗುಟ್ಟಿನ ಕಡೆಗೆ ಒಯ್ಯುತ್ತದೆ. ತಾಯಿ ಅಥವಾ ಅಕ್ಕನ ಮೂಲಕ ಅವಳ ಮನೆಗೆ ತಲುಪುವ ಮಾತು ನಿಕಾಹ್‌ನ ಕಡೆಗೆ ಒಯ್ಯುತ್ತದೆ.

ಹ. ಖದೀಜಾ(ರ)ರು ತಮ್ಮ ವ್ಯಾಪಾರದ ಹೊಣೆ ವಹಿಸಿದ್ದವರ ಪ್ರಾಮಾಣಿಕತೆಯನ್ನು ಮೆಚ್ಚಿ, ನಫೀಸಾ ಎಂಬ ಗೆಳತಿಯ ಮೂಲಕ ಅವರ ಮನದಿಂಗಿತ ತಿಳಿದುಕೊಂಡರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಮಧ್ಯಸ್ಥಿಕೆಯ ಪ್ರಯೋಜನ ಇಲ್ಲಿದೆ: ನಿರಾಕರಿಸುವವರು ಮುಖಕ್ಕೆ ಮುಖ ಕೊಟ್ಟು ನಿರಾಕರಿಸಬೇಕಾಗಿಲ್ಲ, ಮರುದಿನ ಕೆಲಸದ ಮೇಜಿನಲ್ಲಿ ಇಬ್ಬರೂ ತಲೆ ತಗ್ಗಿಸಬೇಕಾಗಿಲ್ಲ. ಹೆಣ್ಣಿಗೂ ಈ ದಾರಿ ತೆರೆದಿದೆ ಎಂಬುದನ್ನು ನಮ್ಮ ಮನೆಗಳು ಮರೆಯಬಾರದು.

ಯುವಕ ಇಸ್ತಿಖಾರಾದ ಎರಡು ರಕಅತ್ ನಮಾಝ್ ನಿರ್ವಹಿಸಿ ತನ್ನ ಅಕ್ಕನಿಗೆ ವಿಷಯ ತಿಳಿಸಿದ. ಅಕ್ಕ ಹುಡುಗಿಯ ತಾಯಿಯೊಡನೆ ಮಾತನಾಡಿದಳು. ಹತ್ತು ದಿನಗಳ ಬಳಿಕ ಉತ್ತರ ಬಂತು: ಹುಡುಗಿಗೆ ಒಪ್ಪಿಗೆಯಿಲ್ಲ. ಕಾರಣ ಹೇಳಿರಲಿಲ್ಲ. ಅಕ್ಕ ಕೇಳಲೂ ಇಲ್ಲ.

ಇನ್ನೊಮ್ಮೆ ಕೇಳಿ ನೋಡಲೇ ಎಂಬ ಆಸೆ ಅವನನ್ನು ಕಾಡಿತು. ಬೇಡವೆಂದೆವು. ಮೊದಲ ಬಾರಿ ಕೇಳುವುದು ಪ್ರಸ್ತಾಪ. ಸ್ಪಷ್ಟ ಉತ್ತರದ ಬಳಿಕ ಮತ್ತೆ ಕೇಳುವುದು ಒತ್ತಡ. ಅವನು ಅವಳ ಸ್ಟೇಟಸ್ ನೋಡುವುದನ್ನು ನಿಲ್ಲಿಸಿದ, ಊಟದ ಸಮಯ ಬದಲಿಸಿಕೊಂಡ, ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಕೆಲಸದ ಮಾತನ್ನು ಮೊದಲಿನ ಸೌಜನ್ಯದಿಂದಲೇ ಆಡಿದ. ಇದು ಕೊನೆಯ ಪರೀಕ್ಷೆ: ನಿರಾಕರಿಸಿದ ಮರುದಿನದಿಂದ ಅವಳ ಕಡತಗಳು ತಡವಾದರೆ, ಸಲಾಮ್‌ಗೆ ಉತ್ತರ ಸಿಗದಿದ್ದರೆ, ಅದು ಒಲವಾಗಿರಲಿಲ್ಲ, ಹಕ್ಕುಸ್ಥಾಪನೆಯಾಗಿತ್ತು.

ಅವನ ನೋವು ತಿಂಗಳುಗಟ್ಟಲೆ ಉಳಿಯಿತು. ಅದನ್ನು ಅವನು ಸಜ್ದಾದಲ್ಲಿ ಅಲ್ಲಾಹನ ಮುಂದಿಟ್ಟ, ಅವಳ ಮುಂದಲ್ಲ. ನಮ್ಮ ಮನೆಗಳ ಹುಡುಗರು ಇಂತಹ ಮಾತನ್ನು ಮೊದಲು ತಾಯಿಗೋ ಅಕ್ಕನಿಗೋ ಹೇಳುವಂತಿರಬೇಕು. ಬೈಗುಳದ ಭಯವಿರುವ ಮನೆಯಲ್ಲಿ ಆ ಮಾತು ಮೊಬೈಲಿನ ಗುಟ್ಟಿಗೆ ಹೋಗುತ್ತದೆ.