ಕಳೆದುಹಾಕಿದ ನಲವತ್ತೊಂಬತ್ತು



ಹೋದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿರಿಗೇರಿಯ ನಮ್ಮ ಮನೆಗೆ ಬಂದಿದ್ದ. ಈಗ ಅವನೂ ಶಿಕ್ಷಕ. ಕಂಕುಳಲ್ಲಿ ಲ್ಯಾಪ್‌ಟಾಪು, ಕೈಯಲ್ಲಿ ರಟ್ಟು ಹಾಕಿದ ಒಂದು ದಪ್ಪ ಪುಸ್ತಕ, ಮುಖದಲ್ಲಿ ಚಿಂತೆ. ಅವನ ಶಾಲೆಯಲ್ಲಿ ಮಕ್ಕಳ ಸೃಜನಾತ್ಮಕ ಯೋಜನೆಗಳ ಸ್ಪರ್ಧೆ ನಡೆದು, ಬಹುಮಾನ ಪ್ರಕಟವಾದ ಮೇಲೆ ತಕರಾರು ಎದ್ದಿತ್ತು.

“ಸರ್, ನೀವು ಹೇಳಿಕೊಟ್ಟ ಲೆಕ್ಕಾನೇ ಮಾಡೀನ್ರಿ. ಐದು ಮಂದಿ ಅಂಕದಾಗ ದೊಡ್ಡದೊಂದು, ಸಣ್ಣದೊಂದು ತೆಗೆದು ಉಳಿದಿದ್ದಕ್ಕ ಸರಾಸರಿ ಹಾಕೀನಿ. ಆದ್ರೂ ಒಬ್ಬ ಪಾಲಕರು ಕೈಲೆ ಲೆಕ್ಕ ಹಾಕಿ ತಪ್ಪೈತಿ ಅಂತಾರ” ಎಂದ.

ಈ ಲೆಕ್ಕವನ್ನು ನಾನು ಹೇಳಿಕೊಟ್ಟದ್ದು ನಿಜ. ಅದಕ್ಕೊಂದು ಹಿನ್ನೆಲೆಯಿದೆ. ನಾನು ಇನ್ನೂ ಸೇವೆಯಲ್ಲಿದ್ದಾಗ ಅಂತಹುದೇ ಒಂದು ಸ್ಪರ್ಧೆಯಲ್ಲಿ ಅಂಕ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಐವತ್ತಕ್ಕೆ ಅಂಕ. ಒಂದು ತಂಡಕ್ಕೆ ಐವರು ಕೊಟ್ಟದ್ದು 42, 43, 42, 25, 43. ಇನ್ನೊಂದಕ್ಕೆ 40, 41, 39, 50, 40. ನಾಲ್ಕನೆಯ ತೀರ್ಪುಗಾರರು ಮಾತ್ರ ಒಂದು ತಂಡವನ್ನು ಪಾತಾಳಕ್ಕೆ ತುಳಿದು ಇನ್ನೊಂದನ್ನು ಅಟ್ಟಕ್ಕೇರಿಸಿದ್ದರು. ಉಳಿದ ನಾಲ್ವರಲ್ಲಿ ಯಾರನ್ನು ಕೇಳಿದರೂ ಮೊದಲ ತಂಡವೇ ಮೇಲು. ಆದರೆ ಐದನ್ನೂ ಕೂಡಿಸಿ ಭಾಗಿಸಿದರೆ ಮೊದಲನೆಯದಕ್ಕೆ 39, ಎರಡನೆಯದಕ್ಕೆ 42. ನಾಲ್ವರ ಅಭಿಪ್ರಾಯವನ್ನು ಒಬ್ಬರ ಲೇಖನಿ ಮಗುಚಿ ಹಾಕಿತ್ತು. ಬಹುಮಾನವೂ ಹಾಗೆಯೇ ಹೋಯಿತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ತುದಿಗಳನ್ನು ಕಳೆದಿದ್ದರೆ ಮೊದಲನೆಯದಕ್ಕೆ 42.33, ಎರಡನೆಯದಕ್ಕೆ 40.33 ಬರುತ್ತಿತ್ತು. ಅಂದಿನಿಂದ ಎಲ್ಲಿ ಕರೆದರೂ ಈ ಕ್ರಮವನ್ನೇ ಹೇಳುತ್ತ ಬಂದೆ. ಇಂಗ್ಲಿಷಿನಲ್ಲಿ ಇದನ್ನು ಟ್ರಿಮ್ಡ್ ಮೀನ್ ಎನ್ನುತ್ತಾರೆ; ನಾನು ತುದಿ ಕಳೆದ ಸರಾಸರಿ ಎನ್ನುತ್ತಿದ್ದೆ.

ದೊಡ್ಡ ದೊಡ್ಡ ಕ್ರೀಡಾಕೂಟಗಳಲ್ಲಿಯೂ ಇದೇ ಉಪಾಯವಿದೆ. ಹಿಮದ ಇಳಿಜಾರಿನಿಂದ ಹಾರುವ ಸ್ಕೀ ಜಂಪಿಂಗ್‌ನಲ್ಲಿ ಹಾರಾಟದ ಶೈಲಿಗೆ ಐವರು ಅಂಕ ಕೊಡುತ್ತಾರೆ. ಮೇಲಿನದೊಂದು, ಕೆಳಗಿನದೊಂದು ಬಿಟ್ಟು ಮೂರನ್ನು ಕೂಡಿಸುತ್ತಾರೆ. 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಂಜಿನ ಮೇಲಿನ ಜೋಡಿ ಸ್ಕೇಟಿಂಗ್‌ಗೆ ಒಂಬತ್ತು ತೀರ್ಪುಗಾರರಿದ್ದರು. ಆಗಿನ ಪದ್ಧತಿಯಂತೆ ಅವರು ಸ್ಥಾನಗಳನ್ನು ನಿರ್ಧರಿಸಿದಾಗ ರಷ್ಯಾದ ಜೋಡಿ ಐದಕ್ಕೆ ನಾಲ್ಕರಿಂದ ಗೆದ್ದಿತು. ಆ ಐವರಲ್ಲಿ ಫ್ರಾನ್ಸಿನ ತೀರ್ಪುಗಾರ್ತಿಯೊಬ್ಬರ ಮೇಲೆ ಒತ್ತಡವಿತ್ತೆಂದು ಗದ್ದಲವಾಗಿ ಕೆನಡಾದ ಜೋಡಿಗೂ ಚಿನ್ನದ ಪದಕ ಕೊಡಬೇಕಾಯಿತು. ಅದಾದ ಮೇಲೆ ಆ ಕ್ರೀಡೆಯ ಅಂಕಪದ್ಧತಿಯನ್ನೇ ಬದಲಿಸಿದರು. ಹೊಸತರಲ್ಲಿ ತುದಿ ಕಳೆಯುವ ಕ್ರಮ ಸೇರಿತು. ಅಲ್ಲಿ ಒಂದೊಂದು ನೆಗೆತಕ್ಕೂ ಒಂದೊಂದು ಸುತ್ತಿಗೂ ಬೇರೆ ಬೇರೆಯಾಗಿ ತುದಿ ಕಳೆಯುತ್ತಾರೆ ಎಂಬುದನ್ನು ಗಮನಿಸಬೇಕು. ಒಬ್ಬ ತೀರ್ಪುಗಾರನ ಅಂಕ ಒಂದು ನೆಗೆತದಲ್ಲಿ ಬಿದ್ದುಹೋದರೂ ಮುಂದಿನ ನೆಗೆತದಲ್ಲಿ ಉಳಿಯಬಹುದು. ನಮ್ಮಲ್ಲಿ ಒಟ್ಟು ಅಂಕದ ಮೇಲೆ ಕತ್ತರಿ ಆಡಿಸುತ್ತೇವೆ. ಬಿದ್ದರೆ ಆ ಮನುಷ್ಯನ ಮಾತು ಇಡಿಯಾಗಿ ಬಿದ್ದುಹೋಗುತ್ತದೆ.

ಇರಲಿ, ಶಿಷ್ಯನ ತಕರಾರಿಗೆ ಬರುತ್ತೇನೆ. ಪೈಪೋಟಿಯಿದ್ದದ್ದು ಎರಡು ತಂಡಗಳ ನಡುವೆ. ಒಂದು ತಂಡ ಹಂಪಿಯ ಕಲ್ಲಿನ ರಥವನ್ನು ಥರ್ಮೋಕೋಲಿನಲ್ಲಿ ಕೊರೆದಿತ್ತು. ಚಕ್ರ, ಆನೆ, ಬಣ್ಣ, ಎಲ್ಲವೂ ಅಚ್ಚುಕಟ್ಟು. ಇನ್ನೊಂದು ತಂಡ ಊರಿನ ಕಾಲುವೆಯ ಬಗ್ಗೆ ಕೈಬರಹದ ಪುಸ್ತಕವೊಂದನ್ನು ಮಾಡಿತ್ತು. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವ ಮನೆಗಳ ಮಕ್ಕಳು ಅವರು. ಗುರುತು ಹಾಕಿದ ಕೋಲನ್ನು ಹಿಡಿದು ಹದಿನಾರು ದಿನ ತೂಬಿನಿಂದ ತೂಬಿಗೆ ನಡೆದು ನೀರಿನ ಮಟ್ಟ ಬರೆದುಕೊಂಡಿದ್ದರು. ಕೊನೆಭಾಗದ ಹೊಲಗಳಿಗೆ ನೀರು ಯಾವ ಹೊತ್ತಿಗೆ ಬಂತು, ಯಾವ ದಿನ ಬರಲೇ ಇಲ್ಲ ಎಂದು ದಾಖಲಿಸಿದ್ದರು. ಅಕ್ಷರ ಮಾತ್ರ ಕಾಗೆ ಕಾಲು, ಗುಬ್ಬಿ ಕಾಲು.

ರಥಕ್ಕೆ ಬಂದ ಅಂಕ 39, 39, 40, 38, 39. ಪುಸ್ತಕಕ್ಕೆ 49, 37, 38, 39, 38. ಶಾಲೆಯವರು ಪ್ರಕಟಿಸಿದ ಫಲಿತಾಂಶ: ಪುಸ್ತಕ 40.2, ಪ್ರಥಮ, ರಥ 39, ದ್ವಿತೀಯ.

ಆ 40.2 ನೋಡುತ್ತಲೇ ಎಲ್ಲೋ ತಪ್ಪಿದೆ ಎಂದು ತಿಳಿಯಿತು. ಪೂರ್ಣಾಂಕಗಳನ್ನೇ ಕೊಟ್ಟಿರುವಾಗ ಮೂರರಿಂದ ಭಾಗಿಸಿದರೆ ಚುಕ್ಕೆಯ ನಂತರ ಸೊನ್ನೆ, ಇಲ್ಲವೆ 33, ಇಲ್ಲವೆ 67 ಮಾತ್ರ ಬರಬಹುದು. 2 ಬರಬೇಕಾದರೆ ಭಾಗಿಸಿದ್ದು ಐದರಿಂದ. ಅವನ ಹಾಳೆಯಲ್ಲಿದ್ದ ಸೂತ್ರವನ್ನು ತೆರೆಸಿದೆ:

```
=TRIMMEAN(B2:F2, 0.2)
```

ಐದರಲ್ಲಿ ಒಂದು ಎಂದರೆ 0.2 ಎಂದು ಅವನು ಭಾವಿಸಿದ್ದ. ಆದರೆ ಅಲ್ಲಿ ಬರೆಯಬೇಕಾದದ್ದು ಎರಡೂ ತುದಿ ಸೇರಿ ಒಟ್ಟು ಎಷ್ಟು ಪಾಲು ಕಳೆಯಬೇಕು ಎಂಬುದು. ಐದರ 0.2 ಎಂದರೆ ಒಂದು. ಒಂದನ್ನು ಎರಡು ತುದಿಗೆ ಹಂಚಲು ಬಾರದ್ದರಿಂದ ಎಕ್ಸೆಲ್ ಅದನ್ನು ಕೆಳಗಿನ ಸಮಸಂಖ್ಯೆಗೆ, ಅಂದರೆ ಸೊನ್ನೆಗೆ ಇಳಿಸುತ್ತದೆ. ಏನನ್ನೂ ಕಳೆಯದೆ, ತಪ್ಪೆಂದು ಒಂದು ಮಾತೂ ಹೇಳದೆ, ಸಾದಾ ಸರಾಸರಿಯನ್ನು ಕೊಟ್ಟು ಸುಮ್ಮನಿರುತ್ತದೆ. 0.4 ಎಂದು ಬರೆಯಬೇಕಿತ್ತು. ತಿದ್ದಿದೆವು. ಪುಸ್ತಕ 38.33ಕ್ಕೆ ಇಳಿಯಿತು, ರಥ 39ರಲ್ಲಿಯೇ ನಿಂತಿತು. ತಕರಾರು ಮಾಡಿದ ಪಾಲಕರ ಲೆಕ್ಕವೇ ಸರಿ.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಲೆಕ್ಕ ಸರಿಯಾಯಿತೆಂಬ ಸಂತೋಷ ನನಗಾಗಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ನಾನು ಆ ಪುಸ್ತಕದ ಪುಟಗಳನ್ನು ತಿರುವಿಹಾಕಿದ್ದೆ.

49 ಕೊಟ್ಟವರು ಯಾರು ಎಂದು ಕೇಳಿದೆ. ಕಾಲುವೆಯ ಕೊನೆಭಾಗದಲ್ಲಿ ಜಮೀನಿರುವ ರೈತರೊಬ್ಬರಂತೆ. ಶಾಲೆಯವರು ಗೌರವಕ್ಕಾಗಿ ಕರೆದಿದ್ದರಂತೆ. ಆ ತಂಡದಲ್ಲಿ ಅವರ ಮನೆಯ ಮಕ್ಕಳಾರೂ ಇರಲಿಲ್ಲ. ಉಳಿದ ನಾಲ್ವರು ಅಕ್ಷರ, ರಟ್ಟು, ಚಿತ್ರಗಳನ್ನು ನೋಡಿದರು. ಮಕ್ಕಳು ಬರೆದುಕೊಂಡ ನೀರಿನ ಹೊತ್ತು ಸರಿಯೋ ತಪ್ಪೋ ಎಂದು ಹೇಳಬಲ್ಲವರು ಆ ಐವರಲ್ಲಿ ಅವರೊಬ್ಬರೇ. ಹಾಗೆಂದು ಅವರಿಗೆ ವಿಷಯದ ಮೇಲೆ ಮಮತೆ ಇರಲಿಲ್ಲವೆಂದು ನಾನು ಹೇಳಲಾರೆ. ಹೊಲಕ್ಕೆ ನೀರು ಬಾರದವನಿಗೆ ಅಂತಹ ಪುಸ್ತಕ ಇಷ್ಟವಾಗದಿರುತ್ತದೆಯೇ?

ಇಲ್ಲಿಯೇ ನನ್ನ ಹಳೆಯ ಉಪಾಯದ ಮಿತಿ ನನಗೆ ಕಂಡದ್ದು. ಉಳಿದ ನಾಲ್ವರ ಅಂಕ 37, 38, 38, 39 ಎಂದು ನಿಂತಿರುವಾಗ ಐದನೆಯವರು ಸೊನ್ನೆ ಕೊಟ್ಟರೆ ಫಲಿತಾಂಶ 37.67, ಐವತ್ತು ಕೊಟ್ಟರೆ 38.33. ಅವರ ಕೈಯಲ್ಲಿರುವುದು ಒಂದು ಅಂಕದ ಮೂರನೇ ಎರಡು ಪಾಲು ಮಾತ್ರ. ಆ ರೈತರು 39 ಕೊಟ್ಟಿದ್ದರೂ 38.33, 49 ಕೊಟ್ಟರೂ 38.33. ಹೆಚ್ಚಿಗೆ ಕೊಟ್ಟ ಹತ್ತು ಅಂಕ ಗಾಳಿಗೆ ಹೋಯಿತು. ಹಿಂದೆ 25 ಬರೆದವರ ಕೈ ಕಟ್ಟಲು ನಾನು ಮೆಚ್ಚಿಕೊಂಡ ಗುಣವೇ ಇದು. ದ್ವೇಷದ 25 ಮತ್ತು ಅರಿವಿನ 49, ಎರಡೂ ಲೆಕ್ಕದ ಕಣ್ಣಿಗೆ ಗುಂಪಿನಿಂದ ದೂರ ನಿಂತ ಸಂಖ್ಯೆಗಳು, ಅಷ್ಟೆ. (ನಮ್ಮ ಕಡೆ ಬಯಲಾಟದ ರಾತ್ರಿ ಪಾತ್ರಧಾರಿಗೆ ಆಯೇರಿ ಮಾಡುವಾಗ ಎಲ್ಲರಿಗಿಂತ ಹೆಚ್ಚು ಕೊಟ್ಟವನ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ, ಅವನ ನೋಟನ್ನು ತೆಗೆದಿಟ್ಟು ಉಳಿದದ್ದನ್ನು ಎಣಿಸುವುದಿಲ್ಲ!)

ನೀರಿಗೆ ಧುಮುಕುವವನ ಕಾಲು ನೆಟ್ಟಗಿತ್ತೇ, ನೀರು ಎಷ್ಟು ಸಿಡಿಯಿತು ಎಂಬುದನ್ನು ತರಬೇತಾದ ಐವರೂ ಒಂದೇ ಕಣ್ಣಿನಿಂದ ನೋಡಬಹುದು. ಅಲ್ಲಿ ದೂರ ನಿಂತ ಅಂಕ ಬಹುಮಟ್ಟಿಗೆ ತಪ್ಪು ಅಥವಾ ಪಕ್ಷಪಾತ. ಮಕ್ಕಳು ಹೊಸದಾಗಿ ಕಟ್ಟಿದ ಕೆಲಸಕ್ಕೆ ಐದು ಬೇರೆ ಬೇರೆ ಕಣ್ಣು ಬೇಕೆಂದೇ ನಾವು ಶಿಕ್ಷಕರನ್ನೂ ರೈತರನ್ನೂ ಒಟ್ಟಿಗೆ ಕೂರಿಸುತ್ತೇವೆ. ಕೂರಿಸಿ, ಬೇರೆಯಾಗಿ ಕಂಡವರ ಅಂಕವನ್ನೇ ಮೊದಲು ತೆಗೆದುಹಾಕುತ್ತೇವೆ. ಇನ್ನು ಅನೇಕ ಶಾಲೆಗಳಂತೆ ಮೂವರೇ ತೀರ್ಪುಗಾರರಿದ್ದರೆ, ತುದಿ ಕಳೆದ ಮೇಲೆ ಉಳಿಯುವುದು ನಡುವಿನ ಒಂದೇ ಅಂಕ. ಅದಕ್ಕೆ ಸರಾಸರಿ ಎಂಬ ಹೆಸರೇ ಸಲ್ಲದು. ಇಬ್ಬರು ಮಾತಾಡಿಕೊಂಡು ಬಂದರಂತೂ ಐವರಿದ್ದರೂ ಈ ಕತ್ತರಿ ಒಬ್ಬರನ್ನು ಮಾತ್ರ ಹಿಡಿಯುತ್ತದೆ.

“ಹಂಗಾದ್ರ ಬಹುಮಾನ ಯಾರಿಗೆ ಕೊಡ್ಲಿ ಸರ್?” ಎಂದು ಕೇಳಿದ.

ರಥಕ್ಕೆ ಎಂದೆ. ನಿಯಮವನ್ನು ಸ್ಪರ್ಧೆಗೆ ಮೊದಲೇ ಸಾರಿದ್ದರು. ಫಲಿತಾಂಶ ನೋಡಿ ನಿಯಮ ಬದಲಿಸುವುದು 25 ಬರೆಯುವುದಕ್ಕಿಂತ ಕೆಟ್ಟದ್ದು. ಪುಸ್ತಕದ ಮಕ್ಕಳನ್ನು ಕೂರಿಸಿಕೊಂಡು, ಸೂತ್ರದಲ್ಲಿ ತಪ್ಪಿದವನು ನಾನು ಎಂದು ನೀನೇ ಹೇಳು, ಹಾಳೆಯಲ್ಲಿರುವ ಐದೂ ಅಂಕಗಳನ್ನು ತೋರಿಸು ಎಂದೆ. ಅವನಿಗೆ ಇದು ಕಹಿಯಾಯಿತು, ನನಗೂ.

ಮುಂದಿನ ಸಲಕ್ಕೆ ಹೀಗೆ ಮಾಡಬಹುದೆಂದು ನನ್ನ ಅನಿಸಿಕೆ. ತುದಿ ಕಳೆಯುವುದನ್ನು ಬಿಡಬೇಕಾಗಿಲ್ಲ, ಆದರೆ ಐವರಿಗಿಂತ ಕಡಿಮೆ ಇದ್ದರೆ ಬೇಡ. ಯಾರ ಅಂಕವಾದರೂ ನಡುವಿನ ಅಂಕದಿಂದ ಎಂಟಕ್ಕಿಂತ ಹೆಚ್ಚು ದೂರವಿದ್ದರೆ, ಕಳೆಯುವ ಮೊದಲು ಅವರಿಂದ ಎರಡು ಸಾಲು ಕಾರಣ ಬರೆಸಿ, ಅದನ್ನು ಉಳಿದವರ ಮುಂದೆ ಓದಬೇಕು. ಓದಿದ ಮೇಲೆ ತಮ್ಮ ಅಂಕ ತಿದ್ದುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿ. ಬಾಯಿಮಾತಿನ ಚರ್ಚೆ ಮಾತ್ರ ಬೇಡ. ಅಲ್ಲಿ ದೊಡ್ಡ ದನಿಯವರು ಗೆಲ್ಲುತ್ತಾರೆಂಬುದನ್ನು ಶಿಕ್ಷಕರ ಕೊಠಡಿಯಲ್ಲಿ ಸಾಕಷ್ಟು ಕಂಡಿದ್ದೇನೆ. 25 ಬರೆದವರಿಗೆ ಆ ಎರಡು ಸಾಲು ಬರೆಯುವುದು ಕಷ್ಟವಾಗುತ್ತಿತ್ತು. ರೈತರು ಬಹುಶಃ, ನೀರು ಬಾರದ ದಿನಗಳನ್ನು ಮಕ್ಕಳು ಸರಿಯಾಗಿ ಬರೆದಿದ್ದಾರೆ ಎಂದು ಬರೆಯುತ್ತಿದ್ದರು. ಅದನ್ನು ಕೇಳಿದ ಮೇಲೂ ನಾಲ್ವರು 38ರಲ್ಲಿಯೇ ನಿಂತಿದ್ದರೆ ನನ್ನದೇನೂ ಆಕ್ಷೇಪಣೆಯಿಲ್ಲ.

ಸಂಜೆಯ ಬಸ್ಸಿಗೆ ಅವನು ಹೊರಟ. ಪುಸ್ತಕವನ್ನು ಎರಡು ದಿನ ಇಟ್ಟುಕೊಳ್ಳುತ್ತೇನೆಂದು ಕೇಳಿ ಪಡೆದೆ. ಹನ್ನೊಂದನೆಯ ದಿನದ ಪುಟದಲ್ಲಿ ಕೊನೆಯ ತೂಬಿನ ಎದುರು ಅಂಕಿಯಿಲ್ಲ. ಕೋಲು ಒದ್ದೆಯಾಗಲಿಲ್ಲ ಎಂದು ಒಂದು ಮಗು ಪೆನ್ಸಿಲಿನಲ್ಲಿ ಬರೆದಿದೆ.