ಸರ್ಟಿಫಿಕೇಟ್ ಮತ್ತು ಸಂದರ್ಶನ

ಹತ್ತಾರು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದ ಬಿ.ಕಾಂ. ಪದವೀಧರರು ಡೇಟಾ ಅನಾಲಿಸ್ಟ್ ಆಗಲು ಹೊರಟರೆ ಎರಡು ವರ್ಷದ ಎಂಸಿಎ ಮಾಡಬೇಕೇ, ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಸಾಕೇ? ಖಾಸಗಿ ವಲಯದಲ್ಲಾದರೆ ಇವರಿಗೆ ಇನ್ನೊಂದು ಪದವಿ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ‘ಯಾವುದೇ ಪದವಿ’ ಎಂದು ಕೇಳುವ ಕಡೆ ಬಿ.ಕಾಂ. ನಡೆಯುತ್ತದೆ. ನಿರ್ದಿಷ್ಟ ಪದವಿಯನ್ನೇ ನಿಯಮದಲ್ಲಿ ಬರೆದಿರುವ ಸರ್ಕಾರಿ ಹುದ್ದೆಗಳ ಮಾತು ಬೇರೆ.

ಸರ್ಟಿಫಿಕೇಟ್‌ಗಳಲ್ಲೂ ತೂಕದ ವ್ಯತ್ಯಾಸವಿದೆ. ವಿಡಿಯೊ ನೋಡಿ ಮುಗಿಸಿದ್ದಕ್ಕೆ ಸಿಗುವ ಪತ್ರ ಹಾಜರಿಯನ್ನಷ್ಟೇ ಹೇಳುತ್ತದೆ. ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಸಾಮಾನ್ಯವಾಗಿ 100ಕ್ಕೆ 75 ಅಂಕ, ಕೇಂದ್ರಕ್ಕೆ ಹೋಗಿ ಮೇಲ್ವಿಚಾರಣೆಯಲ್ಲಿ ಬರೆಯುವ ಪರೀಕ್ಷೆಗೇ ಮೀಸಲು.

ಆದರೂ ನೇಮಕ ಮಾಡುವ ಮ್ಯಾನೇಜರ್ ನೋಡುವುದು ಕೈಕೆಲಸವನ್ನು. ಖರೀದಿ ಪುಸ್ತಕವನ್ನೂ ಜಿಎಸ್‌ಟಿಆರ್-2ಬಿ ಪಟ್ಟಿಯನ್ನೂ ಎಸ್‌ಕ್ಯೂಎಲ್‌ನಲ್ಲಿ ತಾಳೆ ಹಾಕಲು ಕೊಟ್ಟರು ಎನ್ನಿ. ಕೋರ್ಸ್ ಮಾತ್ರ ಮುಗಿಸಿದವರು ಬಿಲ್ ಸಂಖ್ಯೆಯೊಂದನ್ನೇ ಹಿಡಿದು ಎರಡು ಪಟ್ಟಿ ಜೋಡಿಸುತ್ತಾರೆ. ಇಬ್ಬರು ಮಾರಾಟಗಾರರಿಗೂ ‘101’ ಎಂಬ ಬಿಲ್ ಇದ್ದರೆ ಎರಡು ಸಾಲು ನಾಲ್ಕಾಗಿ ಮೊತ್ತ ಉಬ್ಬುತ್ತದೆ. ಲೆಕ್ಕ ಬಲ್ಲವರು ಜಿಎಸ್‌ಟಿ ನೋಂದಣಿ ಸಂಖ್ಯೆಯನ್ನೂ ಸೇರಿಸುತ್ತಾರೆ. ಜೋಡಣೆಗೆ ಮುಂಚಿನ ಮತ್ತು ನಂತರದ ಸಾಲುಗಳನ್ನು ಎಣಿಸುತ್ತಾರೆ. ಹಳೆಯ ಅನುಭವ ಹೊಸ ಉಪಕರಣದೊಂದಿಗೆ ಕೂಡುವುದು ಇಲ್ಲೇ. ವೃತ್ತಿ ಬದಲಿಸುವವರು ಇಂಥದೊಂದು ಕೆಲಸವನ್ನು, ಕಂಪನಿಯ ಗೋಪ್ಯ ಮಾಹಿತಿ ಬಳಸದೆ, ಮಾಡಿಟ್ಟು ಅರ್ಜಿಯ ಜೊತೆ ಕಳಿಸಲಿ. ಕಂಪನಿಗಳೂ ಯಾವ ಕೆಲಸ ಕೊಟ್ಟು ಪರೀಕ್ಷಿಸುತ್ತೇವೆ ಎಂಬುದನ್ನು ಜಾಹೀರಾತಿನಲ್ಲೇ ತಿಳಿಸಬೇಕು.